ವಿಜ್ಞಾನ ಪ್ರಾಜೆಕ್ಟ್ ವಿಡಿಯೊದ ಕೆಳಗೆ ಏನು ಬರೆಯಬೇಕು?

ಯೂಟ್ಯೂಬ್‌ಗೆ ಏರಿಸಿದ ಪ್ರತಿ ವಿಡಿಯೊಗೂ ಮೇಲೊಂದು ಶೀರ್ಷಿಕೆ, ಕೆಳಗೊಂದು ವಿವರಣೆ ಇರುತ್ತದೆ. ವಿವರಣೆಯ ಜಾಗದಲ್ಲಿ 5000 ಅಕ್ಷರಗಳವರೆಗೆ ಬರೆಯಲು ಅವಕಾಶವಿದೆ. ಶಾಲಾ ಮಕ್ಕಳ ಪ್ರಾಜೆಕ್ಟ್ ವಿಡಿಯೊಗಳಲ್ಲಿ ಈ ಜಾಗ ಸಾಮಾನ್ಯವಾಗಿ ಖಾಲಿ ಬಿದ್ದಿರುತ್ತದೆ, ಇಲ್ಲವೇ ‘ಇದು ನಮ್ಮ ಸೈನ್ಸ್ ಪ್ರಾಜೆಕ್ಟ್, ಲೈಕ್ ಮಾಡಿ, ಶೇರ್ ಮಾಡಿ’ ಎಂಬ ಒಂದು ಸಾಲಿಗೆ ಮುಗಿದಿರುತ್ತದೆ. ಆ ಸಾಲಿನಲ್ಲಿ ವಿಜ್ಞಾನದ ಒಂದು ಪದವೂ ಇಲ್ಲ. ಹಾಗಾಗಿ ಆ ವಿಷಯವನ್ನು ಹುಡುಕುವ ಸಹಪಾಠಿಗಾಗಲಿ, ಪಾಠಕ್ಕೆ ಸಾಮಗ್ರಿ ಹುಡುಕುವ ಶಿಕ್ಷಕರಿಗಾಗಲಿ ವಿಡಿಯೊ ಸಿಗುವ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ.

ಹುಡುಕುವ ಪೆಟ್ಟಿಗೆಯಲ್ಲಿ ಯಾರಾದರೂ ಕೆಲವು ಪದ ಬರೆದಾಗ ಯೂಟ್ಯೂಬ್ ಆ ಪದಗಳನ್ನು ವಿಡಿಯೊಗಳ ಶೀರ್ಷಿಕೆ, ವಿವರಣೆ ಮತ್ತು ಒಳಗಿನ ವಿಷಯದೊಂದಿಗೆ ಹೋಲಿಸಿ ನೋಡುತ್ತದೆ. ಜನ ಆ ವಿಡಿಯೊವನ್ನು ಎಷ್ಟು ಹೊತ್ತು ನೋಡುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇವುಗಳಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಪೂರ್ತಿಯಾಗಿ ಇರುವುದು ಶೀರ್ಷಿಕೆ ಮತ್ತು ವಿವರಣೆ ಮಾತ್ರ. ವಿವರಣೆಯನ್ನು ಓದುವವರು ಇಬ್ಬರು: ಮೊದಲು ಯಂತ್ರ, ಆಮೇಲೆ ಮನುಷ್ಯ. ಯಂತ್ರಕ್ಕೆ ಬೇಕಾಗಿರುವುದು ಸರಿಯಾದ ಪದಗಳು. ಮನುಷ್ಯರಿಗೆ ಬೇಕಾಗಿರುವುದು ‘ನಾನು ಹುಡುಕುತ್ತಿದ್ದದ್ದು ಇದೇ ಹೌದೇ’ ಎಂಬ ಪ್ರಶ್ನೆಗೆ ಕೂಡಲೇ ಉತ್ತರ. ಒಳ್ಳೆಯ ವಿವರಣೆ ಎರಡನ್ನೂ ಒಂದೇ ಬರಹದಲ್ಲಿ ಮಾಡುತ್ತದೆ.

ಉದಾಹರಣೆಗೊಂದು ಪ್ರಯೋಗ

ಇದನ್ನು ಒಂದು ನಿರ್ದಿಷ್ಟ ಪ್ರಾಜೆಕ್ಟ್ ಇಟ್ಟುಕೊಂಡು ನೋಡುವುದು ಸುಲಭ. ಕರ್ನಾಟಕದ ಹತ್ತನೇ ತರಗತಿಯ ವಿಜ್ಞಾನ ಪಠ್ಯದಲ್ಲಿ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಎಂಬ ಅಧ್ಯಾಯವಿದೆ. ಅದಕ್ಕೆ ಹೊಂದುವ ಜನಪ್ರಿಯ ಪ್ರಾಜೆಕ್ಟ್ ಎಂದರೆ ಕೆಂಪು ದಾಸವಾಳದ ಎಸಳಿನಿಂದ ಸೂಚಕ ತಯಾರಿಸಿ, ಮನೆಯಲ್ಲಿರುವ ದ್ರವಗಳಲ್ಲಿ ಯಾವುದು ಆಮ್ಲ, ಯಾವುದು ಪ್ರತ್ಯಾಮ್ಲ ಎಂದು ಪತ್ತೆ ಮಾಡುವುದು.

ಪ್ರಯೋಗ ಸರಳವಾದದ್ದು. ಹತ್ತು ಹನ್ನೆರಡು ಎಸಳುಗಳನ್ನು ಸುಮಾರು 100 ಮಿಲಿಲೀಟರ್ ಬಿಸಿನೀರಿನಲ್ಲಿ ನೆನೆಹಾಕಿ, ನೀರಿಗೆ ಬಣ್ಣ ಇಳಿದ ಮೇಲೆ ಸೋಸಿಕೊಳ್ಳಬೇಕು. ಬೇರೆ ಬೇರೆ ಲೋಟಗಳಲ್ಲಿ ನಿಂಬೆರಸ, ವಿನೆಗರ್, ಅಡುಗೆ ಸೋಡಾದ ನೀರು, ಸಾಬೂನಿನ ನೀರು, ಸುಣ್ಣದ ತಿಳಿನೀರು, ಉಪ್ಪಿನ ನೀರು, ಸಕ್ಕರೆ ನೀರು ಇಟ್ಟು, ಪ್ರತಿಯೊಂದಕ್ಕೂ ಸೂಚಕದ ಕೆಲವು ಹನಿ ಹಾಕಬೇಕು. ಆಮ್ಲದಲ್ಲಿ ಸೂಚಕ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ, ಉಪ್ಪು ಮತ್ತು ಸಕ್ಕರೆಯ ನೀರಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ. ಎಸಳಿನಲ್ಲಿರುವ ಆಂಥೋಸಯಾನಿನ್ ಎಂಬ ವರ್ಣಕ ಇದಕ್ಕೆ ಕಾರಣ. ದ್ರಾವಣದ ಆಮ್ಲೀಯತೆ ಬದಲಾದಂತೆ ಅದರ ಅಣುವಿನ ರಚನೆ ಬದಲಾಗುತ್ತದೆ, ಅದರೊಂದಿಗೆ ಬಣ್ಣವೂ ಬದಲಾಗುತ್ತದೆ.

ಇಂಥ ಪ್ರಯೋಗವನ್ನು ಆರು ನಿಮಿಷದ ವಿಡಿಯೊದಲ್ಲಿ ತೋರಿಸಲಾಗಿದೆ ಎಂದು ಇಟ್ಟುಕೊಂಡರೆ, ಅದರ ವಿವರಣೆಯನ್ನು ಹಂತಹಂತವಾಗಿ ಕಟ್ಟುವುದು ಹೀಗೆ.

ಹುಡುಕುವವರು ಯಾವ ಪದ ಬರೆಯುತ್ತಾರೆ

ವಿವರಣೆ ಬರೆಯುವ ಮೊದಲು ಒಂದು ಹಾಳೆಯಲ್ಲಿ ಹುಡುಕುವವರ ಪದಗಳನ್ನು ಪಟ್ಟಿ ಮಾಡಿಕೊಳ್ಳಬೇಕು. ಇಲ್ಲಿ ಸಹಪಾಠಿ ಮತ್ತು ಶಿಕ್ಷಕರು ಬೇರೆ ಬೇರೆ ದಾರಿಯಲ್ಲಿ ಬರುತ್ತಾರೆ ಎಂಬುದನ್ನು ಗಮನಿಸಬೇಕು.

ಶಿಕ್ಷಕರು ಪಾಠದ ಹೆಸರಿನಿಂದ ಹುಡುಕುತ್ತಾರೆ. ತರಗತಿ, ಅಧ್ಯಾಯ, ಚಟುವಟಿಕೆ ಎಂಬ ಕ್ರಮ ಅವರ ಮನಸ್ಸಿನಲ್ಲಿರುತ್ತದೆ. ‘ಆಮ್ಲ ಪ್ರತ್ಯಾಮ್ಲ ಲವಣ 10ನೇ ತರಗತಿ ಚಟುವಟಿಕೆ’, ‘ನೈಸರ್ಗಿಕ ಸೂಚಕಗಳು’ ಎಂಬಂಥ ಪದಗಳನ್ನು ಅವರು ಬರೆಯುತ್ತಾರೆ. ಸಹಪಾಠಿಗೆ ಅಧ್ಯಾಯದ ಪೂರ್ತಿ ಹೆಸರು ನೆನಪಿರುವುದಿಲ್ಲ. ಅವನಿಗೆ ನೆನಪಿರುವುದು ಹೂವು, ಬಣ್ಣ, ವಸ್ತು ಪ್ರದರ್ಶನ. ಫೋನಿನ ಕೀಲಿಮಣೆ ಇಂಗ್ಲಿಷಿನಲ್ಲೇ ಇದ್ದರೆ `dasavala science project` ಎಂದೋ `natural indicator project kannada` ಎಂದೋ ಬರೆಯುತ್ತಾನೆ.

ಹಾಗಾಗಿ ಒಂದೇ ವಸ್ತುವಿಗೆ ಮೂರು ಬಗೆಯ ಪದಗಳು ಬೇಕಾಗುತ್ತವೆ: ಪಠ್ಯಪುಸ್ತಕದ ಪದ, ಮಾತಿನ ಪದ ಮತ್ತು ಇಂಗ್ಲಿಷ್ ಅಕ್ಷರದ ಪದ. ಪಠ್ಯದಲ್ಲಿ ಪ್ರತ್ಯಾಮ್ಲ ಎಂದಿರುವುದನ್ನು ಹಲವರು ಕ್ಷಾರ ಎನ್ನುತ್ತಾರೆ, ಇಂಗ್ಲಿಷ್ ಮಾಧ್ಯಮದ ಮಕ್ಕಳು ಬೇಸ್ ಎನ್ನುತ್ತಾರೆ. ಯೂಟ್ಯೂಬ್ ಇವೆಲ್ಲ ಒಂದೇ ಎಂದು ತಾನಾಗಿ ಹೊಂದಿಸಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಮೂರು ಪದಗಳೂ ವಿವರಣೆಯಲ್ಲಿ ಎಲ್ಲಾದರೂ ಒಮ್ಮೆ, ಸಹಜವಾದ ವಾಕ್ಯದೊಳಗೆ ಬಂದರೆ ಸಾಕು. ಅದೇ ಪದವನ್ನು ಹತ್ತು ಸಲ ಬರೆದರೆ ಹತ್ತು ಪಟ್ಟು ಲಾಭವಾಗುವುದಿಲ್ಲ.

ಪದಗಳ ಪಟ್ಟಿ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯೊಂದಿದೆ. ಯೂಟ್ಯೂಬ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ನೈಸರ್ಗಿಕ ಸೂ’ ಎಂದು ಅರ್ಧ ಬರೆದು ನಿಲ್ಲಿಸಿದರೆ, ಕೆಳಗೆ ಕೆಲವು ಸಲಹೆಗಳು ತೆರೆದುಕೊಳ್ಳುತ್ತವೆ. ಬೇರೆಯವರು ಹುಡುಕಿರುವ ಪದಗಳ ಆಧಾರದ ಮೇಲೆ ಅವು ಬರುತ್ತವೆ. ಪಟ್ಟಿಯಲ್ಲಿ ಇಲ್ಲದ, ಆದರೆ ಪ್ರಯೋಗಕ್ಕೆ ನಿಜವಾಗಿ ಹೊಂದುವ ಪದ ಅಲ್ಲಿ ಕಂಡರೆ ಸೇರಿಸಿಕೊಳ್ಳಬಹುದು.

ಶೀರ್ಷಿಕೆ

ಯೂಟ್ಯೂಬ್‌ನಲ್ಲಿ ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವುದು ಕಂಪ್ಯೂಟರ್‌ಗೆ ಹಲವು ಅಕ್ಷರಗಳಾಗಿರುತ್ತದೆ. ವ್ಯಂಜನ, ಸ್ವರದ ಗುರುತು, ಒತ್ತಿಗೆ ಬೇಕಾದ ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಸೇರುತ್ತವೆ. ‘ಪ್ರತ್ಯಾಮ್ಲ’ ಎಂಬುದರಲ್ಲಿ ನಾವು ಓದುವುದು ಪ್ರ, ತ್ಯಾ, ಮ್ಲ ಎಂಬ 3 ಅಕ್ಷರ. ಕಂಪ್ಯೂಟರ್ ಎಣಿಸುವುದು 10. ಆದ್ದರಿಂದ ಕನ್ನಡದ ಶೀರ್ಷಿಕೆ ನೋಡನೋಡುತ್ತಿದ್ದಂತೆ ಮಿತಿ ಮುಟ್ಟುತ್ತದೆ.

ಈ ಪ್ರಾಜೆಕ್ಟ್‌ಗೆ ಹೊಂದುವ ಶೀರ್ಷಿಕೆ ಹೀಗಿರಬಹುದು: ‘ದಾಸವಾಳದಿಂದ ಆಮ್ಲ–ಪ್ರತ್ಯಾಮ್ಲ ಪತ್ತೆ: ನೈಸರ್ಗಿಕ ಸೂಚಕ ಪ್ರಯೋಗ | 10ನೇ ತರಗತಿ ವಿಜ್ಞಾನ’. ಕಂಪ್ಯೂಟರ್ ಲೆಕ್ಕದಲ್ಲಿ ಇದು 75 ಅಕ್ಷರ. ಹೂವಿನ ಹೆಸರು, ಪಾಠದ ಪದಗಳು, ಪ್ರಯೋಗದ ಬಗೆ, ತರಗತಿ ನಾಲ್ಕೂ ಇದರಲ್ಲಿವೆ. ಫೋನಿನ ಚಿಕ್ಕ ಪರದೆಯಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುವುದುಂಟು. ಅದಕ್ಕಾಗಿ ಮುಖ್ಯವಾದ ದಾಸವಾಳ, ಆಮ್ಲ, ಪ್ರತ್ಯಾಮ್ಲ ಮೊದಲೇ ಬಂದಿವೆ. ಕಳೆದುಹೋದರೂ ನಷ್ಟ ಕಡಿಮೆ ಇರುವ ತರಗತಿಯ ಹೆಸರು ಕೊನೆಗೆ ಬಂದಿದೆ. ಶಾಲೆಯ ಹೆಸರು, ‘ಸೂಪರ್ ಪ್ರಯೋಗ’, ‘ತಪ್ಪದೇ ನೋಡಿ’ ಎಂಬ ಮಾತುಗಳಿಗೆ ಇಲ್ಲಿ ಜಾಗವಿಲ್ಲ. ಅವನ್ನು ಬರೆದು ಯಾರೂ ಹುಡುಕುವುದಿಲ್ಲ.

ಮೊದಲ ಎರಡು ಸಾಲು

ವಿಡಿಯೊ ತೆರೆದಾಗ ವಿವರಣೆ ಪೂರ್ತಿಯಾಗಿ ಕಾಣುವುದಿಲ್ಲ. ಮೊದಲ ಕೆಲವು ಪದಗಳಷ್ಟೇ ಕಂಡು, ಉಳಿದದ್ದು ‘ಇನ್ನಷ್ಟು’ ಎಂಬುದನ್ನು ಒತ್ತಿದ ಮೇಲೆ ತೆರೆಯುತ್ತದೆ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕೊಂಡಿ ಹಾಕಿದಾಗಲೂ ಚಿತ್ರದ ಕೆಳಗೆ ಶೀರ್ಷಿಕೆ ಮತ್ತು ವಿವರಣೆಯ ಆರಂಭದ ತುಣುಕು ಮಾತ್ರ ಬರುತ್ತದೆ. ಆದ್ದರಿಂದ ವಿವರಣೆಯ ಭಾರವೆಲ್ಲ ಮೊದಲ ಎರಡು ಸಾಲಿನ ಮೇಲೆ ಬೀಳುತ್ತದೆ.

ಸಾಮಾನ್ಯವಾಗಿ ಕಾಣುವ ಆರಂಭ ಹೀಗಿರುತ್ತದೆ: ‘ಎಲ್ಲರಿಗೂ ನಮಸ್ಕಾರ. ನಮ್ಮ ಚಾನೆಲ್‌ಗೆ ಸ್ವಾಗತ. ಈ ವಿಡಿಯೊದಲ್ಲಿ ನಾವು ಒಂದು ಅದ್ಭುತ ಪ್ರಯೋಗ ಮಾಡಿದ್ದೇವೆ.’ ಕಾಣುವ ಜಾಗವೆಲ್ಲ ತುಂಬಿದರೂ ಯಾವ ಪ್ರಯೋಗ ಎಂಬುದು ಇನ್ನೂ ಗೊತ್ತಾಗಿಲ್ಲ. ನಮಸ್ಕಾರ ವಿಡಿಯೊದೊಳಗೆ ಇದ್ದೇ ಇರುತ್ತದೆ, ವಿವರಣೆಯಲ್ಲಿ ಅದು ಬೇಕಿಲ್ಲ.

ಅದೇ ಜಾಗದಲ್ಲಿ ಹೀಗೆ ಬರೆಯಬಹುದು: ‘ಕೆಂಪು ದಾಸವಾಳದ ಎಸಳಿನಿಂದ ಸೂಚಕ ತಯಾರಿಸಿ, ಮನೆಯಲ್ಲಿ ಸಿಗುವ 7 ದ್ರವಗಳಲ್ಲಿ ಯಾವುದು ಆಮ್ಲ, ಯಾವುದು ಪ್ರತ್ಯಾಮ್ಲ (ಕ್ಷಾರ) ಎಂದು ಪತ್ತೆ ಮಾಡುವ ಪ್ರಯೋಗ. 10ನೇ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಅಧ್ಯಾಯಕ್ಕೆ ಹೊಂದುತ್ತದೆ.’

ಏನು ಮಾಡಿದ್ದಾರೆ, ಯಾವುದರಿಂದ, ಯಾವ ಪಾಠಕ್ಕೆ ಎಂಬ ಮೂರು ಪ್ರಶ್ನೆಗೂ ಇಲ್ಲಿ ಉತ್ತರವಿದೆ. ‘7 ದ್ರವ’ ಎಂಬ ಸಣ್ಣ ಅಂಕಿ ವಿಡಿಯೊದ ವ್ಯಾಪ್ತಿಯನ್ನು ತಿಳಿಸುತ್ತದೆ. ಅಧ್ಯಾಯದ ಹೆಸರು ಪಠ್ಯಪುಸ್ತಕದಲ್ಲಿ ಇರುವಂತೆಯೇ ಬಂದಿದೆ. ಅಧ್ಯಾಯದ ಸಂಖ್ಯೆಯನ್ನು ಮಾತ್ರ ನಂಬಿ ಬರೆಯುವುದು ಸರಿಯಲ್ಲ. ಪಠ್ಯ ಪರಿಷ್ಕರಣೆಯಾದಾಗ ಸಂಖ್ಯೆ ಹಿಂದುಮುಂದಾಗಬಹುದು, ಹೆಸರು ಅಷ್ಟು ಬೇಗ ಬದಲಾಗುವುದಿಲ್ಲ.

ಒಳಗಿನ ವಿವರ

‘ಇನ್ನಷ್ಟು’ ಒತ್ತಿ ಒಳಗೆ ಬಂದವರಿಗೆ ನಾಲ್ಕು ವಿಷಯ ಬೇಕು: ಸಾಮಗ್ರಿ, ವಿಧಾನ, ಫಲಿತಾಂಶ, ಮಿತಿ. ಪ್ರತಿಯೊಂದಕ್ಕೂ ಎರಡು ಮೂರು ವಾಕ್ಯ ಸಾಕು.

ಸಾಮಗ್ರಿಯ ಸಾಲು ಪ್ರಯೋಗವನ್ನು ತಾವೂ ಮಾಡಬೇಕೆಂದಿರುವವರಿಗೆ. ‘ಕೆಂಪು ದಾಸವಾಳದ 10–12 ಎಸಳು, 100 ಮಿ.ಲೀ. ಬಿಸಿನೀರು, ಸೋಸಲು ಬಟ್ಟೆ, 7 ಲೋಟ, ಹನಿ ಹಾಕಲು ಡ್ರಾಪರ್. ನಿಂಬೆರಸ, ವಿನೆಗರ್, ಅಡುಗೆ ಸೋಡಾ, ಸಾಬೂನು, ಸುಣ್ಣದ ತಿಳಿ, ಉಪ್ಪು, ಸಕ್ಕರೆ.’ ಇಲ್ಲಿ ಮತ್ತೊಂದು ಲಾಭವಿದೆ. ನಿಂಬೆರಸ, ಅಡುಗೆ ಸೋಡಾ, ಸುಣ್ಣದ ತಿಳಿ ಎಂಬ ಹೆಸರುಗಳೇ ಹುಡುಕುವ ಪದಗಳೂ ಹೌದು. ನಿಜವಾದ ಸಾಮಗ್ರಿಯನ್ನು ಬರೆದಾಗ ಹುಡುಕಾಟಕ್ಕೆ ಬೇಕಾದ ಪದಗಳು ತಾವಾಗಿ ಬಂದು ಸೇರುತ್ತವೆ.

ಫಲಿತಾಂಶವನ್ನು ಬಚ್ಚಿಡಬಾರದು. ಉತ್ತರ ಹೇಳಿಬಿಟ್ಟರೆ ವಿಡಿಯೊ ಯಾರು ನೋಡುತ್ತಾರೆ ಎಂಬ ಅನುಮಾನ ಮಕ್ಕಳಲ್ಲಿರುತ್ತದೆ. ಆದರೆ ಶಿಕ್ಷಕರು ವಿಡಿಯೊ ಆರಿಸುವುದೇ ಫಲಿತಾಂಶ ಸರಿಯಿದೆಯೇ ಎಂದು ನೋಡಿ. ‘ನಿಂಬೆರಸ ಮತ್ತು ವಿನೆಗರ್‌ನಲ್ಲಿ ಸೂಚಕ ಗಾಢ ಗುಲಾಬಿಯಾಯಿತು. ಸೋಡಾ ನೀರು, ಸಾಬೂನು ನೀರು, ಸುಣ್ಣದ ತಿಳಿಯಲ್ಲಿ ಹಸಿರಾಯಿತು. ಉಪ್ಪು, ಸಕ್ಕರೆಯ ನೀರಿನಲ್ಲಿ ಬದಲಾವಣೆ ಕಾಣಲಿಲ್ಲ. ಎಸಳಿನ ಆಂಥೋಸಯಾನಿನ್ ವರ್ಣಕ ಇದಕ್ಕೆ ಕಾರಣ’ ಎಂಬ ನಾಲ್ಕು ವಾಕ್ಯ ಓದಿದ ಶಿಕ್ಷಕರಿಗೆ ಈ ವಿಡಿಯೊವನ್ನು ತರಗತಿಯಲ್ಲಿ ತೋರಿಸಬಹುದೋ ಇಲ್ಲವೋ ಎಂಬುದು ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಮಿತಿಯ ಸಾಲನ್ನು ಬಹಳ ಮಂದಿ ಬಿಡುತ್ತಾರೆ. ಪ್ರಾಜೆಕ್ಟನ್ನು ಎಷ್ಟು ಗಮನವಿಟ್ಟು ಮಾಡಿದ್ದಾರೆ ಎಂಬುದು ತಿಳಿಯುವುದು ಇಲ್ಲಿಯೇ. ದಾಸವಾಳದ ಸೂಚಕ ಆಮ್ಲವೋ ಪ್ರತ್ಯಾಮ್ಲವೋ ಎಂದು ಹೇಳುತ್ತದೆ, ಪಿಎಚ್ ಮೌಲ್ಯ ಎಷ್ಟು ಎಂದು ನಿಖರವಾಗಿ ಹೇಳುವುದಿಲ್ಲ. ತಯಾರಿಸಿಟ್ಟ ಸೂಚಕದ ಬಣ್ಣ ದಿನ ಕಳೆದಂತೆ ಮಂಕಾಗುತ್ತದೆ, ಹಾಗಾಗಿ ಆ ದಿನದ್ದನ್ನು ಆ ದಿನವೇ ಬಳಸುವುದು ಒಳ್ಳೆಯದು. ಪ್ರಬಲ ಪ್ರತ್ಯಾಮ್ಲದಲ್ಲಿ ವರ್ಣಕ ಒಡೆದುಹೋಗುವುದರಿಂದ ಮೊದಲು ಕಂಡ ಹಸಿರು ಸ್ವಲ್ಪ ಹೊತ್ತಿನಲ್ಲಿ ಹಳದಿಯತ್ತ ವಾಲಬಹುದು. ಕೊಳವೆಬಾವಿಯ ಗಡಸು ನೀರು ಸ್ವತಃ ತುಸು ಪ್ರತ್ಯಾಮ್ಲೀಯವಾಗಿರುವುದುಂಟು. ಅದನ್ನು ಬಳಸಿದರೆ ಸಕ್ಕರೆ ನೀರು ಕೂಡ ಬಣ್ಣ ಬದಲಿಸಿ ಮಕ್ಕಳನ್ನು ಗೊಂದಲಕ್ಕೆ ದೂಡುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಪ್ರಯೋಗ ಮಾಡಿದ್ದರೆ ಅದನ್ನು ವಿವರಣೆಯಲ್ಲಿ ಹೇಳಬೇಕು. ಮನೆಯಲ್ಲಿ ಮಾಡಿ ನೋಡಿ ಬೇರೆ ಬಣ್ಣ ಪಡೆದ ಸಹಪಾಠಿಗೆ ಕಾರಣ ತಿಳಿಯುವುದು ಈ ಸಾಲಿನಿಂದ.

ಇದರ ಜೊತೆಗೆ ಸುರಕ್ಷತೆಯ ಒಂದು ಸಾಲು ಇರಲೇಬೇಕು. ಈ ಪ್ರಯೋಗ ನೋಡಿದವರಿಗೆ ಮನೆಯ ಇತರ ದ್ರವಗಳನ್ನೂ ಪರೀಕ್ಷಿಸುವ ಆಸೆ ಹುಟ್ಟುವುದು ಸಹಜ. ಶೌಚಾಲಯ ತೊಳೆಯುವ ಆಮ್ಲದ ದ್ರಾವಣ ಚರ್ಮ, ಕಣ್ಣು ಸುಡುತ್ತದೆ. ಅದು ಬ್ಲೀಚ್‌ನೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ‘ಶೌಚಾಲಯದ ಕ್ಲೀನರ್, ಬ್ಲೀಚ್ ಬಳಸಬೇಡಿ, ಒಂದು ದ್ರವಕ್ಕೆ ಇನ್ನೊಂದನ್ನು ಬೆರೆಸಬೇಡಿ, ಸುಣ್ಣದ ತಿಳಿ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ’ ಎಂದು ಬರೆದರೆ ಸಾಕು.

ನಿಮಿಷದ ಗುರುತುಗಳು

ತರಗತಿಯ ಅವಧಿಯಲ್ಲಿ ಶಿಕ್ಷಕರಿಗೆ ಆರು ನಿಮಿಷದ ವಿಡಿಯೊ ಪೂರ್ತಿ ಬೇಕಾಗದಿರಬಹುದು. ಬಣ್ಣ ಬದಲಾಗುವ ಒಂದು ನಿಮಿಷವಷ್ಟೇ ಬೇಕಿರಬಹುದು. ವಿವರಣೆಯಲ್ಲಿ ಯಾವ ಭಾಗ ಯಾವ ಹೊತ್ತಿಗೆ ಶುರುವಾಗುತ್ತದೆ ಎಂದು ಬರೆದರೆ ಯೂಟ್ಯೂಬ್ ವಿಡಿಯೊವನ್ನು ಅಧ್ಯಾಯಗಳಾಗಿ ಭಾಗ ಮಾಡಿ ತೋರಿಸುತ್ತದೆ. ಆ ಸಮಯವನ್ನು ಒತ್ತಿದರೆ ನೇರವಾಗಿ ಅಲ್ಲಿಗೆ ಹೋಗಬಹುದು. ಉದಾಹರಣೆಯ ವಿಡಿಯೊಗೆ ಅದು ಹೀಗಿರುತ್ತದೆ:

```
0:00 ಪ್ರಶ್ನೆ: ಹೂವಿನಿಂದ ಆಮ್ಲ ಪತ್ತೆ ಮಾಡಬಹುದೇ?
0:30 ಬೇಕಾದ ಸಾಮಗ್ರಿ
1:05 ದಾಸವಾಳದ ಸೂಚಕ ತಯಾರಿಕೆ
2:10 ನಿಂಬೆರಸ, ವಿನೆಗರ್ ಪರೀಕ್ಷೆ
3:00 ಸೋಡಾ, ಸಾಬೂನು, ಸುಣ್ಣದ ತಿಳಿ
4:05 ಉಪ್ಪು ಮತ್ತು ಸಕ್ಕರೆಯ ನೀರು
4:40 ಬಣ್ಣ ಬದಲಾಗುವುದು ಏಕೆ?
5:25 ಪ್ರಯೋಗದ ಮಿತಿಗಳು
```

ಇದಕ್ಕೆ ಕೆಲವು ನಿಯಮಗಳಿವೆ. ಮೊದಲ ಗುರುತು `0:00` ಆಗಿರಬೇಕು. ಕನಿಷ್ಠ ಮೂರು ಗುರುತುಗಳು ಏರಿಕೆಯ ಕ್ರಮದಲ್ಲಿ ಇರಬೇಕು. ಪ್ರತಿ ಭಾಗ ಕನಿಷ್ಠ 10 ಸೆಕೆಂಡ್ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಧ್ಯಾಯಗಳು ಮೂಡುವುದಿಲ್ಲ. ಪರಿಚಯದ ಮಾತನ್ನು ಲೆಕ್ಕಕ್ಕೆ ಹಿಡಿಯದೆ `0:30`ರಿಂದ ಪಟ್ಟಿ ಶುರು ಮಾಡುವುದು ಸುಲಭವಾಗಿ ಆಗುವ ತಪ್ಪು. ಸಮಯವನ್ನು ಕನ್ನಡ ಅಂಕಿಗಳಲ್ಲಿ ಬರೆಯದೆ ಮೇಲಿನಂತೆ ಸಾಮಾನ್ಯ ಅಂಕಿಗಳಲ್ಲಿ ಬರೆಯುವುದು ಕ್ಷೇಮ.

ಭಾಗಗಳ ಹೆಸರಿನಲ್ಲೂ ವಿಷಯ ಇರಬೇಕು. ‘ಭಾಗ 1’, ‘ಭಾಗ 2’, ‘ಮುಕ್ತಾಯ’ ಎಂದು ಬರೆದರೆ ಗುರುತು ಇದ್ದೂ ಇಲ್ಲದಂತೆ. ವಿಡಿಯೊ ಏರಿಸಿದ ಮೇಲೆ ಮುಂದಿನ ತುಣುಕೊಂದನ್ನು ಕತ್ತರಿಸಿದರೆ ಆಮೇಲಿನ ಎಲ್ಲ ಸಮಯವೂ ಜಾರುತ್ತದೆ. ಆಗ ಪಟ್ಟಿಯನ್ನು ಮತ್ತೆ ತಾಳೆ ನೋಡಿ ತಿದ್ದಬೇಕು.

ಕಣ್ಣಿಗೆ ಬೀಳದ ತೊಡಕುಗಳು

ಚೆನ್ನಾಗಿ ಬರೆದ ವಿವರಣೆಯೂ ಕೆಲಸ ಮಾಡದಿರಲು ಮೂರು ಕಾರಣಗಳಿರುತ್ತವೆ.

ಮೊದಲನೆಯದು ಅಕ್ಷರದ ಸಂಕೇತ. ಶಾಲೆಯ ಪ್ರಾಜೆಕ್ಟ್ ವರದಿಯನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸುವುದು ಇಂದಿಗೂ ಇದೆ. ಆ ಫಾಂಟ್‌ಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಕಡತದ ಒಳಗೆ ಇರುವುದು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳು. ಆ ಬರಹವನ್ನು ನಕಲು ಮಾಡಿ ಯೂಟ್ಯೂಬ್‌ಗೆ ಅಂಟಿಸಿದರೆ ‘ಕನ್ನಡ’ ಎಂಬುದು `PÀ£ÀßqÀ` ಎಂದು ಮೂಡುತ್ತದೆ. ಅದನ್ನು ಓದುವುದಕ್ಕೂ ಆಗದು, ಹುಡುಕುವುದಕ್ಕೂ ಆಗದು. ಬರಹವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಾಯಿಸಿ, ಒಮ್ಮೆ ಓದಿ ನೋಡಿ ಅಂಟಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ತಪ್ಪುವ ಸಾಧ್ಯತೆ ಇರುವುದರಿಂದ ‘ನೈಸರ್ಗಿಕ’, ‘ಪ್ರತ್ಯಾಮ್ಲ’ದಂಥ ಪದಗಳನ್ನು ವಿಶೇಷವಾಗಿ ಗಮನಿಸಬೇಕು. ಫೋನಿನ ಕನ್ನಡ ಕೀಲಿಮಣೆಯಲ್ಲೇ ಟೈಪ್ ಮಾಡಿದರೆ ಈ ತೊಂದರೆ ಬರುವುದಿಲ್ಲ, ಅದು ನೇರವಾಗಿ ಯೂನಿಕೋಡ್‌ನಲ್ಲೇ ಬರೆಯುತ್ತದೆ.

ಎರಡನೆಯದು ಗಣಿತದ ಚಿಹ್ನೆ. ಯೂಟ್ಯೂಬ್‌ನ ಶೀರ್ಷಿಕೆ ಮತ್ತು ವಿವರಣೆಯಲ್ಲಿ `<` ಮತ್ತು `>` ಚಿಹ್ನೆಗಳಿಗೆ ಅವಕಾಶವಿಲ್ಲ. ಆಮ್ಲ, ಪ್ರತ್ಯಾಮ್ಲಗಳ ವಿಡಿಯೊದಲ್ಲಿ `pH < 7` ಎಂದು ಬರೆಯುವುದು ಯಾರಿಗಾದರೂ ಸಹಜ. ಅದನ್ನು ಸೇರಿಸಿ ಉಳಿಸಲು ಹೋದರೆ ದೋಷದ ಸೂಚನೆ ಬರುತ್ತದೆ, ಕಾರಣ ಎಲ್ಲಿದೆ ಎಂದು ತಿಳಿಯದೆ ಪೂರ್ತಿ ವಿವರಣೆಯನ್ನೇ ಅಳಿಸಿಬಿಡುವುದೂ ಆಗುತ್ತದೆ. ‘ಪಿಎಚ್ 7ಕ್ಕಿಂತ ಕಡಿಮೆ’ ಎಂದು ಅಕ್ಷರದಲ್ಲೇ ಬರೆದರೆ ತೊಂದರೆ ಇಲ್ಲ, ಓದುವುದೂ ಸುಲಭ.

ಮೂರನೆಯದು ವಿಡಿಯೊ ಯಾರಿಗೆ ಕಾಣಬೇಕು ಎಂಬ ಆಯ್ಕೆ. `Public`, `Unlisted`, `Private` ಎಂದು ಮೂರು ಆಯ್ಕೆಗಳಿವೆ. ಎರಡನೆಯದನ್ನು ಆರಿಸಿದರೆ ಕೊಂಡಿ ಇರುವವರು ಮಾತ್ರ ನೋಡಬಹುದು, ಹುಡುಕಾಟದಲ್ಲಿ ವಿಡಿಯೊ ಬರುವುದೇ ಇಲ್ಲ. ಮೂರನೆಯದರಲ್ಲಿ ವಿಡಿಯೊ ಏರಿಸಿದವರಿಗೂ ಅವರು ಆಹ್ವಾನಿಸಿದವರಿಗೂ ಮಾತ್ರ ಕಾಣುತ್ತದೆ. ಮಕ್ಕಳ ಮುಖ ಕಾಣುವ ವಿಡಿಯೊವನ್ನು ಎಲ್ಲರಿಗೂ ತೆರೆದಿಡುವುದು ಬೇಡ ಎಂದು ಪಾಲಕರು ಎರಡನೆಯದನ್ನು ಆರಿಸಿದ್ದರೆ ಅದು ಸರಿಯಾದ ನಿರ್ಧಾರವೇ. ಆಗ ಹುಡುಕುವ ಪದಗಳ ಚಿಂತೆ ಬಿಟ್ಟು, ಕೊಂಡಿಯನ್ನು ಶಿಕ್ಷಕರ ಮೂಲಕ ಹಂಚಿ, ಮೊದಲ ಎರಡು ಸಾಲು ಮತ್ತು ನಿಮಿಷದ ಗುರುತುಗಳ ಕಡೆಗೆ ಗಮನ ಕೊಡಬೇಕು. ಕೈ ಮತ್ತು ಲೋಟಗಳನ್ನಷ್ಟೇ ತೋರಿಸಿ, ಧ್ವನಿಯಲ್ಲಿ ವಿವರಿಸಿದ ವಿಡಿಯೊವನ್ನು ಎಲ್ಲರಿಗೂ ತೆರೆದಿಡಲು ಅಷ್ಟು ಹಿಂಜರಿಯಬೇಕಾಗಿಲ್ಲ.

ಟ್ಯಾಗ್, ಹ್ಯಾಷ್‌ಟ್ಯಾಗ್

ಟ್ಯಾಗ್ ಎಂಬ ಬೇರೆಯದೇ ಪೆಟ್ಟಿಗೆ ಇದೆ, ಅದು ನೋಡುಗರಿಗೆ ಕಾಣುವುದಿಲ್ಲ. ಹುಡುಕಾಟದಲ್ಲಿ ಅದರ ಪಾತ್ರ ತೀರಾ ಚಿಕ್ಕದು ಎಂದು ಯೂಟ್ಯೂಬ್ ತಾನೇ ಹೇಳುತ್ತದೆ. ಜನ ತಪ್ಪು ಕಾಗುಣಿತದಲ್ಲಿ ಬರೆಯುವ ಪದಗಳಿಗೆ ಅದು ಉಪಯೋಗ. `dasavala`, `daasavala`, `dasavaala` ಎಂಬ ಬೇರೆ ಬೇರೆ ರೂಪಗಳಿಗೆ ಸರಿಯಾದ ಜಾಗ ಅದೇ.

ಆ ಪಟ್ಟಿಯನ್ನು ತಂದು ವಿವರಣೆಯ ಕೊನೆಗೆ ಸುರಿಯುವುದು ತಪ್ಪು. ‘ಸೈನ್ಸ್, ವಿಜ್ಞಾನ, ಪ್ರಯೋಗ, ಬೆಸ್ಟ್ ಪ್ರಾಜೆಕ್ಟ್, 8ನೇ ತರಗತಿ, 9ನೇ ತರಗತಿ, ಎಸ್‌ಎಸ್‌ಎಲ್‌ಸಿ’ ಎಂಬಂಥ ಪದಗಳ ಸಾಲು ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಅದನ್ನು ದಾರಿ ತಪ್ಪಿಸುವ ಬರಹವೆಂದು ಪರಿಗಣಿಸಿ ವಿಡಿಯೊ ತೆಗೆದುಹಾಕುವ ಅಧಿಕಾರ ಯೂಟ್ಯೂಬ್‌ಗಿದೆ. ವಿಡಿಯೊಗೆ ಸಂಬಂಧವಿಲ್ಲದ ಪದ ಹಾಕಿ ಜನರನ್ನು ಕರೆತಂದರೂ ಅವರು ಅರ್ಧ ನಿಮಿಷದಲ್ಲಿ ಹೊರಟುಹೋಗುತ್ತಾರೆ. ಅದು ವಿಡಿಯೊಗೆ ಇನ್ನೂ ಹಾನಿ.

ಹ್ಯಾಷ್‌ಟ್ಯಾಗ್ ಮೂರು ಸಾಕು. ಅದರಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಎರಡು ಪದಗಳನ್ನು ಕೂಡಿಸಿಯೇ ಬರೆಯಬೇಕು: `#ನೈಸರ್ಗಿಕಸೂಚಕ` `#ಆಮ್ಲಪ್ರತ್ಯಾಮ್ಲ` `#ScienceProjectKannada`.

ಯಾರದೆಂದು ಹೇಳುವುದು, ಏನನ್ನು ಹೇಳಬಾರದು

ವಿವರಣೆಯ ಕೊನೆಯಲ್ಲಿ ಆಧಾರ ಮತ್ತು ನೆರವಿನ ಸಾಲುಗಳು ಬರುತ್ತವೆ. ಪ್ರಯೋಗ ಪಠ್ಯಪುಸ್ತಕದ ಚಟುವಟಿಕೆಯ ವಿಸ್ತರಣೆಯಾಗಿದ್ದರೆ ಹಾಗೆಂದು ಬರೆಯಬೇಕು. ಬೇರೆಯವರ ಚಿತ್ರ ಅಥವಾ ಸಂಗೀತ ಬಳಸಿದ್ದರೆ ಅದರ ಮೂಲ ಹೇಳಬೇಕು. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಿ ಕೆಳಗೆ ಹೆಸರು ಬರೆದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ಬರುವುದಿಲ್ಲ. ಹಕ್ಕುದಾರರು ಬಯಸಿದರೆ ವಿಡಿಯೊ ತಡೆಹಿಡಿಯಬಹುದು. ಬಳಸಲು ಮುಕ್ತವಾಗಿರುವ ಸಂಗೀತ ಯೂಟ್ಯೂಬ್‌ನ ಧ್ವನಿ ಭಂಡಾರದಲ್ಲೇ ಸಿಗುತ್ತದೆ.

ವಿದ್ಯಾರ್ಥಿಯ ಫೋನ್ ಸಂಖ್ಯೆ, ಮನೆಯ ವಿಳಾಸ, ನೋಂದಣಿ ಸಂಖ್ಯೆ ಯಾವ ಕಾರಣಕ್ಕೂ ವಿವರಣೆಯಲ್ಲಿ ಇರಬಾರದು. ಮಗುವಿನ ಪೂರ್ತಿ ಹೆಸರು, ಶಾಲೆ, ತರಗತಿ, ವಿಭಾಗ ನಾಲ್ಕೂ ಒಂದೇ ಕಡೆ ಸೇರಿದರೆ ಅಪರಿಚಿತರಿಗೆ ಮಗುವನ್ನು ಪತ್ತೆ ಹಚ್ಚುವುದು ಸುಲಭವಾಗುತ್ತದೆ. ‘10ನೇ ತರಗತಿಯ ನಾಲ್ವರು ವಿದ್ಯಾರ್ಥಿಗಳ ಪ್ರಾಜೆಕ್ಟ್’ ಎಂಬಷ್ಟೇ ಮಾತು ಹುಡುಕುವವರಿಗೆ ಸಾಕು. ಅಂಕ ಕೊಡುವ ಶಿಕ್ಷಕರಿಗೆ ಹೆಸರುಗಳು ಪ್ರಾಜೆಕ್ಟ್ ವರದಿಯಲ್ಲಿ ಸಿಗುತ್ತವೆ.

ಸಿಗುತ್ತದೆಯೇ ಎಂದು ನೋಡುವುದು

ವಿಡಿಯೊ ಏರಿಸಿದ ಕೂಡಲೇ ಹುಡುಕಾಟದಲ್ಲಿ ಬರದಿದ್ದರೆ ಗಾಬರಿ ಬೇಡ, ಅದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ. ಒಂದೆರಡು ದಿನ ಬಿಟ್ಟು, ಏರಿಸಿದ ಖಾತೆಯಿಂದ ಹೊರಬಂದು, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಹುಡುಕಿ ನೋಡಬೇಕು. ಸ್ವಂತ ಖಾತೆಯಲ್ಲಿ ಹುಡುಕಿದರೆ ಹಿಂದೆ ನೋಡಿದ್ದರ ಪ್ರಭಾವದಿಂದ ತನ್ನದೇ ವಿಡಿಯೊ ಮೇಲೆ ಬಂದು ತಪ್ಪು ಸಮಾಧಾನ ಕೊಡಬಹುದು.

ಹುಡುಕುವ ಪದಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತ ಹೋಗಬೇಕು. ‘ಆಮ್ಲ’ ಎಂದಷ್ಟೇ ಹುಡುಕಿದರೆ ದೊಡ್ಡ ಶೈಕ್ಷಣಿಕ ಚಾನೆಲ್‌ಗಳ ವಿಡಿಯೊಗಳೇ ತುಂಬಿಕೊಳ್ಳುತ್ತವೆ. ಅಲ್ಲಿ ಶಾಲಾ ವಿಡಿಯೊ ಕಾಣದಿರುವುದು ವಿವರಣೆಯ ದೋಷವಲ್ಲ. ‘ದಾಸವಾಳ ಸೂಚಕ ಪ್ರಯೋಗ’ ಎಂದು ಹುಡುಕಿದಾಗ ಕಾಣಬೇಕು. ಪೂರ್ತಿ ಶೀರ್ಷಿಕೆಯನ್ನೇ ಬರೆದರೂ ಕಾಣದಿದ್ದರೆ ಮೊದಲು ನೋಡಬೇಕಾದದ್ದು ವಿಡಿಯೊ ಎಲ್ಲರಿಗೂ ತೆರೆದಿದೆಯೇ ಎಂಬುದನ್ನು, ನಂತರ ಅಕ್ಷರಗಳು ಯೂನಿಕೋಡ್‌ನಲ್ಲಿವೆಯೇ ಎಂಬುದನ್ನು.

ಕೆಲವು ವಾರ ಕಳೆದ ಮೇಲೆ ಯೂಟ್ಯೂಬ್ ಸ್ಟುಡಿಯೊದ ಅಂಕಿಅಂಶ ವಿಭಾಗದಲ್ಲಿ ನೋಡುಗರು ಎಲ್ಲಿಂದ ಬಂದರು ಎಂಬ ಪಟ್ಟಿಯನ್ನು ತೆರೆಯಬಹುದು. ಸಾಕಷ್ಟು ಜನ ನೋಡಿದ್ದರೆ, ಹುಡುಕಾಟದಿಂದ ಬಂದವರು ಬರೆದ ಪದಗಳೇ ಅಲ್ಲಿ ಕಾಣುತ್ತವೆ. ಬಂದವರಲ್ಲಿ ಹೆಚ್ಚಿನವರು ‘ಅಡುಗೆ ಸೋಡಾ ಆಮ್ಲವೇ ಕ್ಷಾರವೇ’ ಎಂದು ಹುಡುಕಿದ್ದರೆ, ಆ ಪ್ರಶ್ನೆಗೆ ಉತ್ತರವನ್ನು ವಿವರಣೆಯ ಮೇಲಿನ ಸಾಲಿಗೆ ತರಬಹುದು. ಏರಿಸಿದ ವಿಡಿಯೊದ ಬದಲಿಗೆ ಅದೇ ಕೊಂಡಿಯಲ್ಲಿ ಬೇರೆ ವಿಡಿಯೊ ಇಡಲು ಆಗುವುದಿಲ್ಲ, ವಿವರಣೆಯನ್ನು ಮಾತ್ರ ಎಷ್ಟು ಸಲ ಬೇಕಾದರೂ ತಿದ್ದಬಹುದು. ಪಠ್ಯಪುಸ್ತಕ ಬದಲಾದ ವರ್ಷ ಅಧ್ಯಾಯದ ಹೆಸರನ್ನು ತಿದ್ದಿದರೆ, ಹಿಂದಿನ ತಂಡ ಮಾಡಿದ ವಿಡಿಯೊ ಹೊಸದಾಗಿ ಆ ತರಗತಿಗೆ ಬಂದವರಿಗೂ ಸಿಗುತ್ತದೆ.